ಹಲಸಿನ ಬ್ಲಾಕ್ ಕೊಯ್ದು ಸಣ್ಣ ಕ್ಯೂಬ್ ಮಾಡಿದೆ, ಪಾಲಿಷ್ ಸಾಲುತ್ತಿಲ್ಲ. ಬಾಟಲಿಯೇ ಕಲಬೆರಕೆಯಾ?

ಹೊಸನಗರದ_ಉಳಿ
ತಲೆ ಕೆಟ್ಟಿದೆ. ತಂಗಿಯ ಶಾಲೆಗೆ ಹಲಸಿನ ಮರದ ಕ್ಯೂಬ್‌ಗಳನ್ನು ಮಾಡಿಕೊಡುತ್ತಿದ್ದೇನೆ. 100 ಎಂಎಲ್ ಅರಗಿನ ಪಾಲಿಷ್ ತಂದಿದ್ದೆ. ದೊಡ್ಡ ಬ್ಲಾಕಿಗೆ ಹೊಡೆದಾಗ 30 ಎಂಎಲ್ ಸಾಕಾಯಿತು. ಅದೇ ಬ್ಲಾಕನ್ನು ಕೊಯ್ದು ತುಂಡುಗಳಿಗೆ ಹೊಡೆಯಲು ಹೋದರೆ ಉಳಿದ 70 ಎಂಎಲ್ ಪೂರ್ತಿ ಖಾಲಿ. ಇನ್ನೂ 20 ಕ್ಯೂಬ್ ಬಾಕಿ ಇವೆ! ಮರ ಅದೇ. ತೂಕ ನೋಡಿದರೆ ಮೊದಲಿಗಿಂತ ಕಮ್ಮಿಯೇ ಇದೆ. ಪಾಲಿಷಿಗೆ ಏನೋ ಬೆರೆಸಿದ್ದಾರೆ ಅಂತ ನನ್ನ ಅನುಮಾನ. ಯಾರಿಗಾದರೂ ಹೀಗೆ ಆಗಿದೆಯಾ?

ಆಗುಂಬೆ_ಮಳೆ
ಪಾಲಿಷ್ ಸರಿಯಾಗೇ ಇದೆ ಮಾರಾಯ. ಎಂಡ್ ಗ್ರೇನ್ ಕುಡಿದಿದೆ. ನಾರು ಅಡ್ಡ ತುಂಡಾದ ಮುಖ ಇರುತ್ತಲ್ಲ, ಅದು ಎಷ್ಟು ಹೊಡೆದರೂ ಹೀರುತ್ತಲೇ ಇರುತ್ತದೆ. ಕ್ಯೂಬ್ ಮಾಡಿದರೆ ಎಲ್ಲಾ ಕಡೆ ಎಂಡ್ ಗ್ರೇನ್. ಮೊದಲು ತೆಳು ಕೋಟು ಹೊಡೆದು, ಒಣಗಿದ ಮೇಲೆ ಉಪ್ಪುಕಾಗದ ಹಾಕಿ ಉಜ್ಜು.

ಸಾಗರದ_ಬಡಗಿ
ಅದಿರಲಿ. ಬ್ಲಾಕ್ ಎಷ್ಟು ದೊಡ್ಡದು? ಎಷ್ಟು ಕ್ಯೂಬ್ ಆಯಿತು? ಬ್ಲೇಡ್ ಎಷ್ಟು ದಪ್ಪ? ಇದ್ಯಾವುದನ್ನೂ ಹೇಳದೆ ಕಲಬೆರಕೆ ಅಂದರೆ ಹೇಗೆ?

ಕೊಪ್ಪ_ತೋಟ
ಈ ಮಳೆಯಲ್ಲಿ ಪಾಲಿಷ್ ಹೊಡೆದರೆ ಬೆಳ್ಳಗೆ ಮಂಜು ಕಟ್ಟಿದ ಹಾಗೆ ಆಗುತ್ತದೆ. ನಮ್ಮ ಜಗುಲಿಯ ಬೆಂಚಿಗೂ ಹೀಗೇ ಆಯಿತು. ಬಿಸಿಲು ಬರುವ ತನಕ ಕಾಯಿರಿ.

ಹೊಸನಗರದ_ಉಳಿ
ಕೊಪ್ಪದವರೇ, ಬಿಳುಪು ಬಂದಿಲ್ಲ. ಹೊಳಪು ಚೆನ್ನಾಗೇ ಇದೆ. ಸಾಲುತ್ತಿಲ್ಲ ಅನ್ನುವುದೇ ನನ್ನ ಗೋಳು.
ಸಾಗರದವರೇ, ಬ್ಲಾಕ್ 12 ಸೆಂ.ಮೀ. ಎಲ್ಲಾ ಕಡೆಯೂ. 64 ಕ್ಯೂಬ್ ಆಯಿತು. ಬ್ಲೇಡ್ ಮಾಮೂಲಿಯದು, ಟೇಬಲ್ ಸಾ ಜೊತೆಗೇ ಬಂದದ್ದು.

ತೀರ್ಥಹಳ್ಳಿ_ಲೆಕ್ಕ
ಹಾಗಾದರೆ ಸುಲಭ. 64 ಕ್ಯೂಬ್ ಅಂದರೆ ಒಂದೊಂದು ಕಡೆಗೆ 4 ಭಾಗ. ಸಣ್ಣ ಕ್ಯೂಬಿನ ಒಂದು ಮುಖ ದೊಡ್ಡದರ ಹದಿನಾರನೇ ಒಂದು ಪಾಲು. ಆದರೆ ಕ್ಯೂಬ್‌ಗಳು 64. 64ನ್ನು 16ರಿಂದ ಭಾಗಿಸಿ, 4 ಬಂತು. ಹೊರಮೈ ನಾಲ್ಕು ಪಟ್ಟು. 30 ಇಂಟು 4, ಅಂದರೆ 120 ಎಂಎಲ್ ಬೇಕು. ನಿಮ್ಮ ಹತ್ತಿರ ಇದ್ದದ್ದು 70.

ಹೊಸನಗರದ_ಉಳಿ
ಮರ ಜಾಸ್ತಿ ಆಗಿಲ್ಲವಲ್ಲ! ಅದೇ ಮರ. ಮತ್ತೆ ಮೈ ಎಲ್ಲಿಂದ ಬಂತು?

ಸಾಗರದ_ಬಡಗಿ
ಬ್ಲೇಡ್ ಹೋದಲ್ಲೆಲ್ಲಾ ಎರಡು ಹೊಸ ಮೈ ಹುಟ್ಟುತ್ತವೆ, ಎಡಗಡೆ ಒಂದು, ಬಲಗಡೆ ಒಂದು. ಮೊದಲು ಅವು ಮರದ ಒಳಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ನಾಲ್ಕು ಭಾಗ ಮಾಡಲು ಒಂದು ದಿಕ್ಕಿಗೆ 3 ಸಲ ಕೊಯ್ಯಬೇಕು. ಮೂರು ದಿಕ್ಕಿಗೆ 9. ಒಂದೊಂದಕ್ಕೆ ಎರಡರಂತೆ 18 ದೊಡ್ಡ ಮುಖಗಳಷ್ಟು ಹೊಸ ಮೈ. ಹಳೆಯ 6 ಸೇರಿಸಿ, 24. ಆರರ ನಾಲ್ಕು ಪಟ್ಟು. ಐದು ಭಾಗ ಮಾಡಿದ್ದರೆ ಐದು ಪಟ್ಟು ಆಗುತ್ತಿತ್ತು, ಹತ್ತು ಭಾಗಕ್ಕೆ ಹತ್ತು ಪಟ್ಟು.

ಆಗುಂಬೆ_ಮಳೆ
9 ಕೊಯ್ತವಾ? ಟೇಬಲ್ ಸಾ ಮುಟ್ಟಿದ್ದೀರಾ ಯಾವಾಗಲಾದರೂ? ಹಲಗೆ ಮಾಡಲು 3, ಪ್ರತಿ ಹಲಗೆಯನ್ನು ಪಟ್ಟಿ ಮಾಡಲು 12, ಪಟ್ಟಿ ಕೊಯ್ಯಲು 48. ಒಟ್ಟು 63.

ಸಾಗರದ_ಬಡಗಿ
ತುಂಡುಗಳನ್ನು ಒತ್ತಿ ಹಿಡಿದು ಒಟ್ಟಿಗೆ ಕೊಯ್ದರೆ 9, ಬಿಡಿಬಿಡಿಯಾಗಿ ಕೊಯ್ದರೆ 63. ಹುಟ್ಟುವ ಮೈ ಮಾತ್ರ ಒಂದೇ. ಸಣ್ಣ ಕೊಯ್ತ ಸಣ್ಣ ಮೈ ಬಿಚ್ಚುತ್ತದೆ, ಅಷ್ಟೇ. ಇದರ ಮೇಲೆ ಜಗಳ ಬೇಡ.

ಆದರೆ ತೀರ್ಥಹಳ್ಳಿಯವರ 120 ನನಗೆ ಒಪ್ಪಿಗೆ ಇಲ್ಲ. ಬ್ಲೇಡ್ ದಪ್ಪ ಬಿಟ್ಟುಹೋಗಿದೆ. ಉಳಿ ಅವರೇ, ಒಂದು ಕ್ಯೂಬನ್ನು ವರ್ನಿಯರ್ ಹಿಡಿದು ಅಳೆದು ಹೇಳಿ. 30 ಮಿ.ಮೀ. ಇರಲಿಕ್ಕಿಲ್ಲ.

ಹೊಸನಗರದ_ಉಳಿ
27.7, 27.8 ಹೀಗೆ ಬರುತ್ತಿದೆ. ಒಂದು ವಿಷಯ ಹೇಳಿರಲಿಲ್ಲ. 30 ಎಂಎಲ್ ಅಂದದ್ದು ಮೂರು ಕೋಟಿಗೆ. ದೊಡ್ಡ ಬ್ಲಾಕಿಗೆ ಮೊದಲೇ ಹೊಡೆದಿದ್ದು, ಕೊಯ್ಯುವಾಗ ಅಂಚು ಚಕ್ಕೆ ಏಳದಿರಲಿ ಅಂತ. ಈಗ ಕೆಲವು ಕ್ಯೂಬಿಗೆ ಮೂರು ಮುಖ ಹೊಳೆಯುತ್ತಿತ್ತು, ಕೆಲವಕ್ಕೆ ಒಂದು, ಕೆಲವಕ್ಕೆ ಏನೂ ಇಲ್ಲ. ಒಂದೇ ಥರ ಕಾಣಲಿ ಅಂತ ಎಲ್ಲದಕ್ಕೂ ಎಲ್ಲಾ ಕಡೆ ಮೂರು ಕೋಟು ಕೊಟ್ಟೆ.

ತೀರ್ಥಹಳ್ಳಿ_ಲೆಕ್ಕ
ಮೂಲೆಯ 8ಕ್ಕೆ ಮೂರು ಮುಖ, ಅಂಚಿನ 24ಕ್ಕೆ ಎರಡು, ಮಧ್ಯದ 24ಕ್ಕೆ ಒಂದು, ಒಳಗಿನ 8 ಕೋರಾ. ಕೂಡಿಸಿದರೆ ಹಳೇ ಪಾಲಿಷ್ ಇದ್ದದ್ದು 96 ಮುಖ. ಒಟ್ಟು ಮುಖ 384. ಅಲ್ಲಿಗೆ ನಾಲ್ಕು ಪಟ್ಟು ಅಂದದ್ದು ಸರಿಯಾಯಿತಲ್ವಾ?

ಸಾಗರದ_ಬಡಗಿ
ಮುಖಗಳ ಎಣಿಕೆ ಸರಿ, ಅಳತೆ ಅಲ್ಲ. ಬ್ಲೇಡ್ 3 ಮಿ.ಮೀ. ತಿಂದರೆ ಮೂರು ಕೊಯ್ತಕ್ಕೆ 9 ಮಿ.ಮೀ. ಹೋಯಿತು. ಉಳಿದ 111ನ್ನು ನಾಲ್ಕರಿಂದ ಭಾಗಿಸಿ, 27.75. ಅವರ ಅಳತೆಗೆ ಕೂಡುತ್ತದೆ.

ದೊಡ್ಡ ಬ್ಲಾಕಿನ ಮೈ 864 ಚದರ ಸೆಂ.ಮೀ. ಅದಕ್ಕೆ 30 ಎಂಎಲ್ ಹೋಯಿತು. ಒಂದು ಸಣ್ಣ ಕ್ಯೂಬಿನ ಮೈ ಸುಮಾರು 46 ಚದರ ಸೆಂ.ಮೀ. ಅದಕ್ಕೆ 1.6 ಎಂಎಲ್ ಬೇಕು. 70 ಎಂಎಲ್ ಎಷ್ಟು ಕ್ಯೂಬಿಗೆ ಸಾಕು? 44ಕ್ಕೆ ಹತ್ತಿರ. 64ರಲ್ಲಿ 44 ಹೋದರೆ 20. ಅವರು ಬಾಕಿ ಅಂದದ್ದೂ 20. ಬಾಟಲಿಯಲ್ಲಿ ಕಲಬೆರಕೆ ಏನೂ ಇಲ್ಲ. ಒಟ್ಟು ಮೈ 3.4 ಪಟ್ಟು ಆಗಿದೆ, ಪೂರ್ತಿ 4 ಅಲ್ಲ. ತೂಕ ಕಮ್ಮಿ ಆದದ್ದೂ ಅದಕ್ಕೇ. ಮರದ ಐದರಲ್ಲಿ ಒಂದು ಪಾಲು ಹೊಟ್ಟಾಗಿ ನೆಲಕ್ಕೆ ಬಿದ್ದಿದೆ.

ಆಗುಂಬೆಯವರೇ, ಎಂಡ್ ಗ್ರೇನ್ ಜಾಸ್ತಿ ಕುಡಿಯುವುದು ನಿಜ. ಆದರೆ ದೊಡ್ಡ ಬ್ಲಾಕಿನಲ್ಲಿ ಆರಕ್ಕೆ ಎರಡು ಮುಖ ಎಂಡ್ ಗ್ರೇನ್, ಸಣ್ಣದರಲ್ಲೂ ಆರಕ್ಕೆ ಎರಡೇ. ಪಾಲು ಬದಲಾಗಿಲ್ಲ. ಹಾಗಾಗಿ ಹೆಚ್ಚುವರಿ ಖರ್ಚಿಗೆ ಅದು ಕಾರಣ ಆಗುವುದಿಲ್ಲ.

ಆಗುಂಬೆ_ಮಳೆ
ಲೆಕ್ಕ ಚೆನ್ನಾಗಿದೆ. ಆದರೆ ಆ 96 ಮುಖಕ್ಕೆ ಮೊದಲೇ ಪಾಲಿಷ್ ಇತ್ತು. ಅವು ಕಮ್ಮಿ ಕುಡಿಯಬೇಕಿತ್ತು. ಹಾಗಾದರೆ 44ಕ್ಕಿಂತ ಜಾಸ್ತಿ ಕ್ಯೂಬ್ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. ಉಳಿದದ್ದನ್ನು ಯಾರು ಕುಡಿದರು?

ಸಾಗರದ_ಬಡಗಿ
ಬ್ಲೇಡಿನ ಗೀರು ಇರುವ ಹಸಿ ಮೈ ಸ್ವಲ್ಪ ಜಾಸ್ತಿ ಹೀರಿರಬಹುದು. ಬಟ್ಟೆಯಲ್ಲೂ ಉಳಿದಿರಬಹುದು.

ಆಗುಂಬೆ_ಮಳೆ
ಹೀರಿರಬಹುದು ಅಂತ ನಾನು ಮೊದಲನೇ ಸಾಲಿನಲ್ಲೇ ಹೇಳಿದ್ದೆ.

ಶಿಕಾರಿಪುರ_ಬ್ಯಾಂಡ್‌ಸಾ
ಟೇಬಲ್ ಸಾ ಬಿಡಿ, ಬ್ಯಾಂಡ್ ಸಾ ತಗೊಳ್ಳಿ. ನನ್ನದರ ಬ್ಲೇಡ್ ತಿನ್ನುವುದು 1 ಮಿ.ಮೀ. ಅಷ್ಟೇ. ಕೊಯ್ದದ್ದೂ ಗೊತ್ತಾಗುವುದಿಲ್ಲ. ಹಳೇ ಮೋಟರನ್ನು ನಾನೇ ರಿವೈಂಡ್ ಮಾಡಿಸಿ ಕೂರಿಸಿದ್ದೇನೆ. ಮರ ಉಳಿಯುತ್ತದೆ, ಪಾಲಿಷೂ ಉಳಿಯುತ್ತದೆ.

ತೀರ್ಥಹಳ್ಳಿ_ಲೆಕ್ಕ
ಪಾಲಿಷ್ ಉಳಿಯುವುದಿಲ್ಲ ಸ್ವಾಮಿ, ಇನ್ನೂ ಜಾಸ್ತಿ ಬೇಕು. 1 ಮಿ.ಮೀ. ಬ್ಲೇಡಾದರೆ ಕ್ಯೂಬ್ 29.25 ಮಿ.ಮೀ. ಬರುತ್ತದೆ. ಮೈ 3.8 ಪಟ್ಟು. 30ರ ಲೆಕ್ಕಕ್ಕೆ 114 ಎಂಎಲ್. ಹೊಟ್ಟು ಮಾತ್ರ ನೂರಕ್ಕೆ 7 ಪಾಲಿಗೆ ಇಳಿಯುತ್ತದೆ.

ಶಿಕಾರಿಪುರ_ಬ್ಯಾಂಡ್‌ಸಾ
ಮರ ಉಳಿಯಿತಲ್ಲ, ಅದೇ ಲಾಭ. ಹಲಸಿನ ಮರ ಈಗ ಏನು ಪುಗಸಟ್ಟೆ ಸಿಗುತ್ತದಾ?

ಹೊಸನಗರದ_ಉಳಿ
ಸರಿ, ಬಾಕಿ 20ಕ್ಕೆ ಎಷ್ಟು ತರಲಿ?

ಸಾಗರದ_ಬಡಗಿ
ಲೆಕ್ಕಕ್ಕೆ 32 ಎಂಎಲ್. 50 ತನ್ನಿ. ಹೊಡೆಯುವ ಮೊದಲು ಗೀರು ಹೋಗುವ ತನಕ ಉಜ್ಜಿ. ಎಂಡ್ ಗ್ರೇನಿಗೆ ಮೊದಲ ಕೋಟು ಸ್ಪಿರಿಟ್ ಬೆರೆಸಿ ತೆಳುವಾಗಿ ಕೊಡಿ. ಈ ಒಂದು ಮಾತು ಆಗುಂಬೆಯವರದ್ದೇ.

ಕೊಪ್ಪ_ತೋಟ
ಶಿಕಾರಿಪುರದವರೇ, ಮೋಟರ್ ಎಷ್ಟು ಎಚ್‌ಪಿ? ನಮ್ಮ ಹತ್ತಿರ ಅಡಿಕೆ ಸುಲಿಯುವ ಯಂತ್ರದ್ದು ಒಂದು ಸುಮ್ನೆ ಬಿದ್ದಿದೆ. ಅದಕ್ಕೆ ಬ್ಯಾಂಡ್ ಸಾ ಓಡುತ್ತದಾ?