ಇಲಿ ಹೃದಯದ ಮೈಟೊಕಾಂಡ್ರಿಯ ಕೊಬ್ಬಿನಾಮ್ಲವನ್ನು ಮುಟ್ಟುತ್ತಿಲ್ಲ, ಏನು ಮಾಡಲಿ?

ಯಲಹಂಕದ ವಿದ್ಯಾರ್ಥಿ: ಮೂರು ವಾರಗಳಿಂದ ಇದೇ ಗೋಳು. ಆಕ್ಸಿಜನ್ ಎಲೆಕ್ಟ್ರೋಡಿನಲ್ಲಿ ಗ್ಲುಟಮೇಟ್ ಮತ್ತು ಮ್ಯಾಲೇಟ್ ಕೊಟ್ಟು ಎಡಿಪಿ ಹಾಕಿದೊಡನೆ ಆಕ್ಸಿಜನ್ ಮಟ್ಟದ ಗೆರೆ ಚೆನ್ನಾಗಿ ಇಳಿಯುತ್ತದೆ. ಕೊಬ್ಬಿನಾಮ್ಲದ ರೂಪವಾದ ಪಾಮಿಟೈಲ್ ಕಾರ್ನಿಟಿನ್ 40 ಮೈಕ್ರೋಮೋಲಾರ್ ಕೊಟ್ಟರೆ ಮಾತ್ರ ಅರೆಕ್ಷಣ ಇಳಿದು ನಿಂತುಬಿಡುತ್ತದೆ. ಹೃದಯದ ಮುಖ್ಯ ಇಂಧನವೇ ಕೊಬ್ಬಿನಾಮ್ಲವಲ್ಲವೇ?

ಬಫರ್ ಭಟ್ಟ: ಆ ವಸ್ತು ಹೆಚ್ಚಾದರೆ ಸಾಬೂನಿನಂತೆ ಪೊರೆಯನ್ನು ಹಾಳುಮಾಡುತ್ತದೆ. 20ಕ್ಕೆ ಇಳಿಸಿ, ಅಲ್ಬುಮಿನ್ ಸೇರಿಸಿ.

ಯಲಹಂಕದ ವಿದ್ಯಾರ್ಥಿ: ಎರಡನ್ನೂ ಮಾಡಿದೆ, ಬದಲಾವಣೆಯಿಲ್ಲ. ನಿಂತ ಮೇಲೆ ಎಲೆಕ್ಟ್ರೋಡಿನ ಅದೇ ಕೋಶಕ್ಕೆ ಗ್ಲುಟಮೇಟ್, ಮ್ಯಾಲೇಟ್ ಹಾಕಿದರೆ ಉಸಿರಾಟ ಮರುಕಳಿಸುತ್ತದೆ.

ಬಫರ್ ಭಟ್ಟ: ಅಲ್ಬುಮಿನ್ ಕೊಬ್ಬು ತೆಗೆದದ್ದೇ? ನನಗೆ ಅದರ ಮೇಲೆಯೇ ಅನುಮಾನ.

ಹೆಬ್ಬಾಳದ ಯಕೃತ್ತು: ನನ್ನ ಇಲಿ ಯಕೃತ್ತಿನ ಮೈಟೊಕಾಂಡ್ರಿಯ ಪಾಮಿಟೈಲ್ ಕಾರ್ನಿಟಿನ್ ಒಂದರಿಂದಲೇ ಓಡುತ್ತದೆ. ನಿಮ್ಮ ತಯಾರಿಯೇ ಕೆಟ್ಟಿರಬೇಕು.

ನಿವೃತ್ತ ಮೇಡಂ: ಮರುಕಳಿಸಿದ ಮೇಲೆ ಪೊರೆಯನ್ನು ದೂರುವುದು ಸಲ್ಲದು, ಭಟ್ಟರೇ. ವಿದ್ಯಾರ್ಥಿಗಳೇ, ಕೊಬ್ಬಿನಾಮ್ಲದ ಜೊತೆ ಮ್ಯಾಲೇಟ್ ಹಾಕಿದ್ದಿರಾ?

ಯಲಹಂಕದ ವಿದ್ಯಾರ್ಥಿ: ಇಲ್ಲ, ಮೇಡಂ. ಕೊಬ್ಬನ್ನಷ್ಟೇ ಪರೀಕ್ಷಿಸಬೇಕಿತ್ತು. ಹೇಳುವ ಅಗತ್ಯವಿಲ್ಲವೆಂದುಕೊಂಡೆ.

ನಿವೃತ್ತ ಮೇಡಂ: ತೊಡಕು ಅಲ್ಲಿಯೇ ಇದೆ. ಕೊಬ್ಬಿನಾಮ್ಲ ಒಡೆದು ಬರುವ ಅಸಿಟೈಲ್-ಕೋಎ ಸಿಟ್ರಿಕ್ ಆಮ್ಲ ಚಕ್ರವನ್ನು ಸೇರಲು ಆಕ್ಸಲೋಅಸಿಟೇಟ್ ಬೇಕು. ಬೇರ್ಪಡಿಸಿ ತೊಳೆದ ಮೈಟೊಕಾಂಡ್ರಿಯದಲ್ಲಿ ಅದು ಬಹಳ ಕಡಿಮೆ, ಅಸಿಟೈಲ್-ಕೋಎಯಿಂದ ಅದನ್ನು ಹೊಸದಾಗಿ ಕೂಡಿಸಿಕೊಳ್ಳುವ ದಾರಿಯೂ ನಮ್ಮ ಜೀವಕೋಶಗಳಲ್ಲಿಲ್ಲ. ಹೀಗಾಗಿ ಕೋಎ ಎಲ್ಲವೂ ಅಸಿಟೈಲ್ ರೂಪದಲ್ಲಿ ಸಿಲುಕಿಕೊಳ್ಳುತ್ತದೆ, ಮುಂದಿನ ತುಂಡನ್ನು ಕತ್ತರಿಸಲು ಬಿಡುವಾದ ಕೋಎ ಸಿಗದೆ ಕೊಬ್ಬಿನಾಮ್ಲದ ಒಡೆತವೂ ನಿಲ್ಲುತ್ತದೆ.

ಯಕೃತ್ತಿನವರು ನೋಡಿದ್ದು ನಿಜ, ಆದರೆ ಅಲ್ಲಿ ಅಸಿಟೈಲ್-ಕೋಎ ಕೀಟೋನ್ ಕಾಯಗಳಾಗಿ ಕೋಎಯನ್ನು ಬಿಡಿಸಿಕೊಡುತ್ತದೆ. ಗೆರೆ ಇಳಿದ ಮಾತ್ರಕ್ಕೆ ಚಕ್ರ ತಿರುಗಿತೆನ್ನಲಾಗದು.

ನಿಂತ ಕೋಶಕ್ಕೆ ಉಸಿರಾಟದ ಕಡಿವಾಣ ಬಿಚ್ಚುವ ಎಫ್‌ಸಿಸಿಪಿ ತುಸು ಹಾಕಿ. ಎನ್‌ಎಡಿಎಚ್ ಹೆಚ್ಚಾಗಿ ಐಸೋಸಿಟ್ರೇಟ್ ಮತ್ತು ಆಲ್ಫಾ-ಕೀಟೋಗ್ಲುಟರೇಟ್ ಡಿಹೈಡ್ರೋಜಿನೇಸ್‌ಗಳನ್ನು ಅದುಮಿದ್ದರೆ ಅದು ಕರಗಿ ಉಸಿರಾಟ ಏರಬೇಕು. ಏರದಿದ್ದರೆ ಕೊರತೆ ಇಂಧನ ಚಕ್ರಕ್ಕೆ ಸೇರುವ ಕಡೆಯದು. ಆಮೇಲೆ ಆಕ್ಸಲೋಅಸಿಟೇಟ್ ಆಗಿ ಬದಲಾಗುವ ಮ್ಯಾಲೇಟ್ 0.5 ಮಿಲಿಮೋಲಾರ್ ಕೊಡಿ, ಮ್ಯಾಲೇಟ್ ಒಂದನ್ನೇ ಕೊಟ್ಟ ಕೋಶವನ್ನೂ ಪಕ್ಕದಲ್ಲಿ ಓಡಿಸಿ.

ಯಲಹಂಕದ ವಿದ್ಯಾರ್ಥಿ: ಎಫ್‌ಸಿಸಿಪಿಗೆ ಏರಲಿಲ್ಲ, ಮ್ಯಾಲೇಟ್ ಜೊತೆ ಕೂಡಲೇ ಏರಿತು. ಮ್ಯಾಲೇಟ್ ಒಂದರಿಂದ ಅಲ್ಪಸ್ವಲ್ಪವಷ್ಟೆ. ಮ್ಯಾಲೇಟ್ ಬದಲು ಗ್ಲುಟಮೇಟ್ ಕೊಟ್ಟಾಗಲೂ ನಿಧಾನವಾಗಿ ಏರಿತಲ್ಲ, ಏಕೆ?

ನಿವೃತ್ತ ಮೇಡಂ: ಅಮೈನೋ ಗುಂಪನ್ನು ವರ್ಗಾಯಿಸಿ ಗ್ಲುಟಮೇಟ್ ಆಸ್ಪರ್ಟೇಟ್ ಮಾಡಬೇಕಾದರೆ ಇದ್ದಬದ್ದ ಆಕ್ಸಲೋಅಸಿಟೇಟೇ ಖರ್ಚಾಗುತ್ತದೆ, ಆದ್ದರಿಂದ ಆ ದಾರಿಯೊಂದರಿಂದ ನಿವ್ವಳ ಲಾಭವಿಲ್ಲ. ಗ್ಲುಟಮೇಟ್ ಡಿಹೈಡ್ರೋಜಿನೇಸ್ ನೇರವಾಗಿ ಆಲ್ಫಾ-ಕೀಟೋಗ್ಲುಟರೇಟ್ ಕೊಟ್ಟು, ಅದು ಚಕ್ರದಲ್ಲಿ ಆಕ್ಸಲೋಅಸಿಟೇಟ್ ಆಗಿರಬಹುದು. ಅಮಿನೋಆಕ್ಸಿಅಸಿಟೇಟ್‌ನಿಂದ ವರ್ಗಾವಣೆಯನ್ನು ತಡೆದು ನೋಡಿ. ಆಗಲೂ ಏರಿದರೆ ನನ್ನ ಊಹೆಗೆ ಬಲ ಬರುತ್ತದೆ.

ಬಫರ್ ಭಟ್ಟ: ಅಲ್ಬುಮಿನ್ ಯಾವುದೆಂದು ಇನ್ನೂ ಯಾರೂ ಹೇಳಲಿಲ್ಲ.