ಅಪ್ರೈಸಲ್ ಬಗ್ಗೆ ಮ್ಯಾನೇಜರ್ ಹತ್ತಿರ ಇಪ್ಪತ್ತು ನಿಮಿಷ ಕೇಳುವುದು ಹೇಗೆ?

ಪ್ರಶ್ನೆ (ಪಣಂಬೂರು, ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್ ಕೆಲಸ): ಮೂರು ವರ್ಷದಿಂದ ಒಂದು ಶಿಪ್ಪಿಂಗ್ ಏಜೆನ್ಸಿಯ ಬ್ರಾಂಚ್‌ನಲ್ಲಿದ್ದೇನೆ. ಹೆಡ್ ಆಫೀಸ್ ಬೆಂಗಳೂರು. ಆಗಸ್ಟ್‌ನಲ್ಲಿ ಒಬ್ಬರು ಬಿಟ್ಟುಹೋದ ಮೇಲೆ ಅವರ ಎರಡು ಪಾರ್ಟಿಗಳ ಫೈಲ್ ನನಗೇ ಬಂದಿದೆ. ಸಂಬಳ ಅಷ್ಟೇ ಉಂಟು. ಮ್ಯಾನೇಜರಿಗೆ ಹೀಗೆ ಬರೆದಿಟ್ಟಿದ್ದೇನೆ, ಕಳಿಸಿಲ್ಲ: "ಸರ್, ನಿಮ್ಮ ಹತ್ತಿರ ಸ್ವಲ್ಪ ಮಾತಾಡ್ಲಿಕ್ಕುಂಟು, ಅರ್ಜೆಂಟ್. ಯಾವಾಗ ಫ್ರೀ ಇದ್ದೀರಿ?" ಸರಿ ಉಂಟಾ? ಕೈಗೆ ತಿಂಗಳಿಗೆ 5,000 ಹೆಚ್ಚು ಸಿಕ್ಕಿದರೆ ಸಾಕು.

ಉತ್ತರ (ಮಣಿಪಾಲ, ಎಚ್‌ಆರ್‌ನಲ್ಲಿ 16 ವರ್ಷ): ಇದನ್ನು ಕಳಿಸಬೇಡಿ. "ಸ್ವಲ್ಪ ಮಾತಾಡ್ಲಿಕ್ಕುಂಟು, ಅರ್ಜೆಂಟ್" ಅಂತ ನೋಡಿದ ಕೂಡಲೇ ಮ್ಯಾನೇಜರ್ ತಲೆಗೆ ಬರುವುದು ರಾಜೀನಾಮೆ. ನಿಮ್ಮಲ್ಲಿ ಆಗಲೇ ಒಬ್ಬರು ಬಿಟ್ಟುಹೋಗಿದ್ದಾರೆ. ನೀವು ಒಳಗೆ ಹೋಗುವ ಮೊದಲೇ ಅವರು ನಿಮ್ಮನ್ನು ಉಳಿಸಿಕೊಳ್ಳುವ ಮಾತಿಗೆ ತಯಾರಾಗಿರುತ್ತಾರೆ, ನಿಮ್ಮ ಕೆಲಸದ ಮಾತು ಹಿಂದೆ ಬೀಳುತ್ತದೆ. ವಿಷಯ ಏನೆಂದು ಹೇಳಿ, ಎಷ್ಟು ಹೊತ್ತು ಬೇಕೆಂದು ಹೇಳಿ, ಏನು ತರುತ್ತೀರೆಂದು ಹೇಳಿ. ದೂರು ಬೇಡ, ಮೊತ್ತ ಬೇಡ. ನಾನಾದರೆ ಇಷ್ಟು ಬರೆಯುತ್ತೇನೆ:

"ಸರ್, ಈ ವರ್ಷದ ಅಪ್ರೈಸಲ್ ಮತ್ತು ನನ್ನ ಸಂಬಳದ ಬಗ್ಗೆ ನಿಮ್ಮ ಹತ್ತಿರ 20 ನಿಮಿಷ ಮಾತಾಡಬೇಕಿತ್ತು. ಆಗಸ್ಟ್‌ನಿಂದ ನನ್ನ ಕೆಲಸದಲ್ಲಿ ಆದ ಬದಲಾವಣೆಯನ್ನು ಒಂದು ಪುಟದಲ್ಲಿ ಬರೆದು ತರುತ್ತೇನೆ. ಬುಧವಾರ ಅಥವಾ ಗುರುವಾರ ಸಂಜೆ 4ರ ನಂತರ ಆದೀತಾ? ಬೇರೆ ಹೊತ್ತಾದರೂ ಅಡ್ಡಿಯಿಲ್ಲ."

ದಿನ ಆರಿಸುವಾಗ ಹಡಗಿನ ಕಟ್‌ಆಫ್ ಯಾವತ್ತು ಅಂತ ನೋಡಿಕೊಳ್ಳಿ. ಕಂಟೇನರ್ ಗೇಟಿನ ಹೊರಗೆ ನಿಂತಿರುವ ದಿನ ಎಷ್ಟು ಒಳ್ಳೆಯ ಮ್ಯಾನೇಜರ್ ಆದರೂ "ಆಮೇಲೆ ನೋಡುವ" ಅಂದೇ ಹೇಳುವುದು, ಆ "ಆಮೇಲೆ" ಎರಡು ವಾರ ಎಳೆಯುತ್ತದೆ.

ಸುರತ್ಕಲ್‌ನಿಂದ ಒಬ್ಬರು: ಇಷ್ಟೆಲ್ಲ ಯಾಕೆ ಮಾರಾಯ್ರೆ? ಮೇಲ್ ಹಾಕಿ, ಎಚ್‌ಆರ್‌ಗೆ ಸಿಸಿ ಇಡಿ, ರೆಕಾರ್ಡ್ ಆಗಿರುತ್ತದೆ. ಮಾರ್ಚ್ ಕೊನೆಗೆ ಕೇಳಿ, ಎಲ್ಲರಿಗೂ ಹೈಕ್ ಆಗುವುದು ಏಪ್ರಿಲ್‌ನಲ್ಲೇ ಅಲ್ವಾ.

ಮಣಿಪಾಲ, ಎಚ್‌ಆರ್: ಬರಹದಲ್ಲಿ ಇರಬೇಕು ಅನ್ನುವುದು ಸರಿ, ಆದರೆ ಅದು ಮೀಟಿಂಗ್ ಮುಗಿದ ಮೇಲೆ. ಮೊದಲ ಮೇಲ್‌ಗೇ ಎಚ್‌ಆರ್ ಸಿಸಿ ಬಿದ್ದರೆ ಮ್ಯಾನೇಜರಿಗೆ ತನ್ನ ಮೇಲೆ ದೂರು ಹೋದ ಹಾಗೆ ಕಾಣುತ್ತದೆ. ಮಾತಾದ ದಿನ ಸಂಜೆಯೇ ಅವರೊಬ್ಬರಿಗೆ ಮೂರು ಸಾಲು ಬರೆಯಿರಿ: ಇಂಥದ್ದು ಮಾತಾಯಿತು, ನೀವು ಇದನ್ನು ಮೇಲೆ ಕೇಳುತ್ತೇನೆ ಎಂದಿರಿ, ಇಂಥ ದಿನದ ಹೊತ್ತಿಗೆ ತಿಳಿಸುತ್ತೇನೆ ಎಂದಿರಿ. ಅಷ್ಟು ಸಾಕು.

ಮಾರ್ಚ್ ಕೊನೆ ಮಾತ್ರ ತಡ. ಏಪ್ರಿಲ್‌ನಲ್ಲಿ ಬರುವುದು ಪತ್ರ, ತೀರ್ಮಾನ ಅದಕ್ಕೆ ಮೊದಲೇ ಆಗಿರುತ್ತದೆ. ನಾನು ಕೆಲಸ ಮಾಡಿದ ಕಡೆಗಳಲ್ಲೆಲ್ಲ ಬ್ರಾಂಚಿಗೆ ಇಷ್ಟು ಅಂತ ಒಂದು ಒಟ್ಟು ಮೊತ್ತ ಬರುತ್ತಿತ್ತು. ಮ್ಯಾನೇಜರ್ ಫೆಬ್ರವರಿಯಲ್ಲಿ ಹೆಸರಿನ ಮುಂದೆ ಶೇಕಡಾ ಹಾಕಿ ಕಳಿಸುತ್ತಿದ್ದರು, ಅಲ್ಲಿಗೆ ಆ ಪಟ್ಟಿ ಮುಚ್ಚಿತು. ಆಮೇಲೆ ನಿಮಗೆ ಎರಡು ಶೇಕಡಾ ಹೆಚ್ಚಿಸಬೇಕಾದರೆ ಪಕ್ಕದ ಟೇಬಲಿನವರದ್ದು ಕಡಿಮೆ ಮಾಡಬೇಕು. ಆಗ ಹೋಗಿ ಕೇಳಿದವರಿಗೆ ಸಿಗುವ ಉತ್ತರ "ಮುಂದಿನ ವರ್ಷ ನೋಡುವ". ಈಗ ಜನವರಿ, ಒಳ್ಳೆಯ ಹೊತ್ತು. ಮೀಟಿಂಗ್‌ನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ: "ಸರ್, ನಮ್ಮ ಪಟ್ಟಿ ಬೆಂಗಳೂರಿಗೆ ಯಾವಾಗ ಹೋಗುತ್ತದೆ?"

ಉಡುಪಿ ರಥಬೀದಿಯಿಂದ ಒಬ್ಬರು: ನಮ್ಮ ಅಂಗಡಿಯಲ್ಲಿ ಅಪ್ರೈಸಲ್ ಎಲ್ಲ ಇಲ್ಲ. ಧಣಿಗಳ ಮೂಡ್ ನೋಡಿ ಕೇಳುವುದು. ಕಳೆದ ಪರ್ಯಾಯದ ಗೌಜಿಯಲ್ಲಿ ಕೇಳಿ ಬೈಸಿಕೊಂಡೆ. ಆಮೇಲೆ ಎರಡು ತಿಂಗಳು ಬಿಟ್ಟು ಅವರೇ ಕರೆದು 1,500 ಹೆಚ್ಚು ಮಾಡಿದರು. ಇದಕ್ಕೂ ಮೆಸೇಜ್ ಹಾಕಬೇಕಾ?

ಮಣಿಪಾಲ, ಎಚ್‌ಆರ್: ನಿಮ್ಮಲ್ಲಿ ತೀರ್ಮಾನ ಮಾಡುವವರೂ ಕೊಡುವವರೂ ಧಣಿಗಳೇ, ಮೇಲೆ ಯಾರಿಗೂ ಕಳಿಸಲಿಕ್ಕಿಲ್ಲ. ಎದುರು ಕೂತು ಕೇಳುವುದೇ ಸರಿ. ಇವರ ಮ್ಯಾನೇಜರ್ ಹಾಗಲ್ಲ, ಅವರು ಇನ್ನೊಬ್ಬರ ಹತ್ತಿರ ಇವರ ಪರವಾಗಿ ಮಾತಾಡಬೇಕು. ಆ ಒಂದು ಪುಟ ಅದಕ್ಕೇ ಬೇಕಾಗುವುದು.

ಪಣಂಬೂರು: ಥ್ಯಾಂಕ್ಸ್ ಮೇಡಂ. ಪುಟದಲ್ಲಿ ಎಂತ ಬರೆಯುವುದು? "ತುಂಬಾ ಕೆಲಸ ಹೆಚ್ಚಾಗಿದೆ" ಅಂತ ಬರೆದಿದ್ದೆ. ಲೆಕ್ಕ ನೋಡಿದರೆ ಜುಲೈವರೆಗೆ ತಿಂಗಳಿಗೆ 35ರಷ್ಟು ಶಿಪ್ಪಿಂಗ್ ಬಿಲ್ ಮಾಡುತ್ತಿದ್ದೆ, ಈಗ 60ರ ಹತ್ತಿರ. ಹೊಸದಾಗಿ ಬಂದದ್ದು ಒಂದು ಗೋಡಂಬಿಯವರದ್ದು, ಒಂದು ಕಾಫಿಯವರದ್ದು. ತಿದ್ದುಪಡಿಗೆ ಹೋದದ್ದು ಆಗಸ್ಟ್‌ನಿಂದ ಎರಡೇ.

ಮಣಿಪಾಲ, ಎಚ್‌ಆರ್: ಈಗ ಇಲ್ಲಿ ಬರೆದಿರಲ್ಲ, ಅದನ್ನೇ ಪುಟದಲ್ಲಿ ಬರೆಯಿರಿ. "ತುಂಬಾ" ಅನ್ನುವುದನ್ನು ತೆಗೆಯಿರಿ, 35 ಮತ್ತು 60 ಇರಲಿ. ತಿದ್ದುಪಡಿ ಎರಡೇ ಅನ್ನುವುದು ಎಲ್ಲಕ್ಕಿಂತ ಗಟ್ಟಿ ಮಾತು, ಯಾಕೆಂದರೆ ಬಿಲ್ ತಪ್ಪಿ ಕಂಟೇನರ್ ನಿಂತರೆ ಪಾರ್ಟಿಯ ಫೋನ್ ಬರುವುದು ನಿಮ್ಮ ಮ್ಯಾನೇಜರಿಗೇ.

ಇನ್ನು ಆ 5,000. ಕಂಪನಿ ಲೆಕ್ಕ ಹಾಕುವುದು ವರ್ಷದ ಸಿಟಿಸಿಯಲ್ಲಿ, ಕೈಗೆ ಬರುವುದರಲ್ಲಿ ಅಲ್ಲ. ನಿಮ್ಮ ಸಿಟಿಸಿ ಎಷ್ಟು?

ಪಣಂಬೂರು: 4,20,000. ಬೇಸಿಕ್ ಅದರ ಅರ್ಧ.

ಮಣಿಪಾಲ, ಎಚ್‌ಆರ್: ಸ್ಯಾಲರಿ ಸ್ಲಿಪ್‌ನಲ್ಲಿ ಪಿಎಫ್ ಸಾಲು ನೋಡಿ. ಅದು 1,800ಕ್ಕೆ ನಿಂತಿದ್ದರೆ ಸಂಬಳ ಹೆಚ್ಚಾದರೂ ಪಿಎಫ್ ಹೆಚ್ಚು ಕಡಿತವಾಗುವುದಿಲ್ಲ. ಬೇಸಿಕ್‌ನ ಪೂರ್ತಿ 12 ಶೇಕಡಾ ಹೋಗುತ್ತಿದ್ದರೆ ಹೆಚ್ಚಾದದ್ದರಲ್ಲೂ ನಿಮ್ಮ ಪಾಲು, ಕಂಪನಿ ಪಾಲು, ಗ್ರಾಚ್ಯುಯಿಟಿ ಎಲ್ಲ ಕಳೆದು ನೂರಕ್ಕೆ 85ರಷ್ಟು ಮಾತ್ರ ಕೈಗೆ ಬರುತ್ತದೆ. ಆಗ ತಿಂಗಳಿಗೆ 5,000 ಬೇಕಾದರೆ ಸಿಟಿಸಿ ವರ್ಷಕ್ಕೆ 70,000 ಏರಬೇಕು, ಅಂದರೆ ಸುಮಾರು 17 ಶೇಕಡಾ. ನಾನು ನೋಡಿದ ಕಡೆ ಸಾಮಾನ್ಯ ಹೈಕ್ ಒಂಬತ್ತು-ಹತ್ತರ ಸುತ್ತ. ಅದಕ್ಕೇ ನೀವು ಬರೀ ಹೈಕ್ ಕೇಳಬೇಡಿ. "ಒಂದೂವರೆ ಜನರ ಕೆಲಸ ನನ್ನ ಹತ್ತಿರ ಇದೆ, ಸಂಬಳವನ್ನು ಅದಕ್ಕೆ ಸರಿಯಾಗಿ ನೋಡಬಹುದಾ" ಅಂತ ಕೇಳಿ. ಕೆಲಸ ಬದಲಾದದ್ದಕ್ಕೆ ಸಂಬಳ ಸರಿಪಡಿಸುವ ಹಣ ಕೆಲವು ಕಂಪನಿಗಳಲ್ಲಿ ಆ ಒಟ್ಟು ಮೊತ್ತದ ಹೊರಗಿನಿಂದ ಬರುತ್ತದೆ.

ಸುರತ್ಕಲ್: ಹಾಗಾದರೆ 70,000 ಅಂತ ಪುಟದಲ್ಲೇ ಬರೆಯಲಿ. ಮೊತ್ತ ಹೇಳದೆ ಹೋದರೆ ಅವರು ಎಂಟು ಶೇಕಡಾ ಕೊಟ್ಟು ಕೈ ತೊಳೆಯುತ್ತಾರೆ. ನನಗೆ ಎರಡು ಸಲ ಹಾಗೇ ಆದದ್ದು.

ಮಣಿಪಾಲ, ಎಚ್‌ಆರ್: ನಾನು ಬರೆಯಿಸುವುದಿಲ್ಲ. ಪುಟ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿ ಕೂತವರು ಮೊತ್ತ ಮಾತ್ರ ನೋಡಿ ಬದಿಗಿಡಬಹುದು. ಮ್ಯಾನೇಜರ್ ಕೇಳಿದಾಗ ಬಾಯಲ್ಲಿ ಹೇಳಲಿ. ಆದರೆ ನಿಮ್ಮ ಮಾತಿನಲ್ಲೂ ಹುರುಳಿದೆ, ಕೇಳದೇ ಇದ್ದರೆ ಎದ್ದು ಬರುವ ಮೊದಲು ಇವರೇ ಹೇಳಬೇಕು.

ಪಣಂಬೂರು: ಮಧ್ಯಾಹ್ನ ನೀವು ಬರೆದ ಹಾಗೇ ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಗುರುವಾರ 4:30. ಆ ಪುಟ ಬುಧವಾರವೇ ಕಳಿಸಿ." ಪಿಎಫ್ 1,800 ಅಲ್ಲ, 2,100 ಹೋಗುತ್ತಿದೆ. ಪುಟ ಬರೆದಾಯಿತು, 70,000 ಮಾತ್ರ ಹಾಕುವುದಾ ಬಿಡುವುದಾ ಇನ್ನೂ ಗೊತ್ತಾಗುತ್ತಿಲ್ಲ. ನಾಳೆ ಮಧ್ಯಾಹ್ನದವರೆಗೆ ಸಮಯ ಉಂಟು.