ಸಹಾಯ ಬೇಕು: ಹಾಲ್‌ಗೆ ಎಷ್ಟು ಲ್ಯೂಮೆನ್, ಯಾವ ಬಣ್ಣ?

ನಮಸ್ಕಾರ. ನಮ್ಮ ಹಾಲ್ 14x12 ಅಡಿ. ಹಳೇ 40 ವ್ಯಾಟ್ ಟ್ಯೂಬ್‌ಲೈಟ್ ಕೆಟ್ಟಿತು, ಸದ್ಯಕ್ಕೆ 9 ವ್ಯಾಟ್ ಎಲ್‌ಇಡಿ ಬಲ್ಬ್ ಹಾಕಿದೀವಿ. ಡಬ್ಬಿ ಮೇಲೆ 900 ಲ್ಯೂಮೆನ್ ಅಂತಿದೆ, ಮೂಲೆಗಳೆಲ್ಲ ಕತ್ತಲೆ. ಹಳೇ ಟ್ಯೂಬ್ ಸುಮಾರು 2400 ಲ್ಯೂಮೆನ್ ಕೊಡ್ತಿತ್ತಂತೆ, ಅದಕ್ಕೇ ಇರಬೇಕು. ಅಂಗಡೀಲಿ ಎರಡು ಎಲ್‌ಇಡಿ ಟ್ಯೂಬ್ ತೋರಿಸಿದ್ರು. ಎರಡೂ 20 ವ್ಯಾಟೇ, ಆದ್ರೆ ಒಂದು 2000 ಲ್ಯೂಮೆನ್, ಇನ್ನೊಂದು 2400. ಅಂಗಡಿಯವ್ರು ಮಾತ್ರ 'ವ್ಯಾಟ್ ಒಂದೇ ತಾನೇ, ಯಾವ್ದಾದ್ರೂ ತಗೊಳ್ಳಿ' ಅಂತಾರೆ! ಕರೆಂಟ್ ಖರ್ಚು ಒಂದೇ ಆದ್ರೆ 2400ರದ್ದೇ ತಗೊಳ್ಳೋಣ ಅಂತಿದೀನಿ.

ಸಿಕ್ಕಿಹಾಕಿಕೊಂಡಿರೋದು ಬಣ್ಣದ ವಿಷಯದಲ್ಲಿ. ಮಗಳು ಹಾಲ್‌ನಲ್ಲೇ ಓದೋದು, ಅವಳಿಗೆ 6500K ಬಿಳಿ ಬೇಕು. ಅತ್ತೆಗೆ ಆ ಬೆಳಕು ಕಣ್ಣಿಗೆ ಚುಚ್ಚುತ್ತೆ, 3000K ಹಳದಿ ಸಾಕು ಅಂತಾರೆ. ಇಬ್ಬರಿಗೂ ಆಗೋ ಹಾಗೆ 4000K ಟ್ಯೂಬ್ ಒಂದೇ ಹಾಕಿದ್ರೆ ಸಾಕಾ, ಅಥವಾ 3000K ಟ್ಯೂಬ್ ಹಾಕಿ ಓದೋಕೆ ಬೇರೆ ಟೇಬಲ್ ಲ್ಯಾಂಪ್ ಇಡಬೇಕಾ? ಬಳಸಿದವರು ಹೇಳಿ.